ಕೋಳಿ ಮಾರುವ ದಿನ ಯಾವುದು?
(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ಹೋದ ಸಲದ ಸಭೆಯಲ್ಲಿ ಮಿಲೆಟ್ ಅಡುಗೆ, ಅದಕ್ಕೂ ಹಿಂದೆ ಮ್ಯೂಚುವಲ್ ಫಂಡ್. ಈ ಸಲ ಕೋಳಿ. ಕಾರ್ಯದರ್ಶಿಯವರು ಫೋನ್ ಮಾಡಿ "ನಿಮ್ಮ ಫಾರ್ಮ್ ಬಗ್ಗೆ ಮಾತಾಡಿ, ಆದರೆ ಊಟಕ್ಕೆ ಮೊದಲೇ ಮುಗಿಸಿ" ಎಂದರು. ಶಾಕಾಹಾರಿ ಗೆಳತಿಯರು ಹೆದರಬೇಡಿ. ನಾನು ಇಂದು ಹೇಳುವುದು ಪೂರ್ತಿ ಲೆಕ್ಕದ ಮಾತು, ಅದೂ ಒಂದೇ ಒಂದು ಪ್ರಶ್ನೆಯ ಬಗ್ಗೆ: ಸಾಕಿದ ಬ್ರಾಯ್ಲರ್ ಕೋಳಿಯನ್ನು ಎಷ್ಟನೇ ದಿನ, ಎಷ್ಟು ತೂಕಕ್ಕೆ ಮಾರಬೇಕು?

ನಮ್ಮದು ಪುಣೆಯಿಂದ ಸೊಲ್ಲಾಪುರ ರಸ್ತೆಯಲ್ಲಿ, ದೌಂಡ್ ಕಡೆ ಮೂರು ಸಾವಿರ ಕೋಳಿಯ ಒಂದು ಶೆಡ್. ಮೂರು ಸಾವಿರ ಚದರಡಿ, ಬದಿಗೆ ಜಾಲರಿ, ಮೇಲೆ ತಗಡು. ನಾನು ಮತ್ತು ನನ್ನ ನೆಗೆಣ್ಣಿ ಸೇರಿ ನಡೆಸುತ್ತೇವೆ. ಅವಳು ಶೆಡ್ಡಿನ ಪಕ್ಕದ ಮನೆಯಲ್ಲೇ ಇರುತ್ತಾಳೆ. ನಾನು ವಾರಕ್ಕೆ ಎರಡು ಸಲ ಹೋಗುತ್ತೇನೆ, ಉಳಿದ ದಿನ ಫೋನಿನಲ್ಲಿ ಲೆಕ್ಕ ಬರೆದುಕೊಳ್ಳುತ್ತೇನೆ. ನಾವು ಕಂಪನಿಯ ಕರಾರಿನಲ್ಲಿ ಸಾಕುವವರಲ್ಲ. ಕರಾರಿನಲ್ಲಿ ಮರಿ, ಆಹಾರ, ಔಷಧಿ ಎಲ್ಲ ಅವರದೇ, ಯಾವ ದಿನ ಲಾರಿ ಬರಬೇಕೆಂದು ಅವರೇ ಹೇಳುತ್ತಾರೆ, ನಮಗೆ ಕಿಲೋ ಮೇಲೆ ಸಾಕಾಣಿಕೆ ಕೂಲಿ. ನಾವು ಸ್ವಂತ ದುಡ್ಡು ಹಾಕಿದವರು. ಹಾಗಾಗಿ ಮಾರುವ ದಿನವೂ ನಮ್ಮದೇ, ತಪ್ಪಿದರೆ ನಷ್ಟವೂ ನಮ್ಮದೇ. ಒಂದು ಬ್ಯಾಚಿನಲ್ಲಿ ಹಾಗೆ ತಪ್ಪಿದೆವು. ಅದನ್ನೇ ಇಂದು ಬಿಡಿಸಿ ಹೇಳುತ್ತೇನೆ.

ಮೊದಲು ಎಫ್‌ಸಿಆರ್ ಎಂಬ ಪದ. ಕೋಳಿ ತಿಂದ ಆಹಾರದ ತೂಕವನ್ನು ಕೋಳಿಯ ತೂಕದಿಂದ ಭಾಗಿಸಿದರೆ ಬರುವ ಅಂಕಿ, ಅಷ್ಟೇ. ಮೂರು ಕಿಲೋ ತಿಂದು ಎರಡು ಕಿಲೋ ತೂಗಿದರೆ ಎಫ್‌ಸಿಆರ್ 1.5. ಕಡಿಮೆ ಇದ್ದಷ್ಟೂ ಒಳ್ಳೆಯದು. ಇದರಲ್ಲಿ ಎರಡು ಕಡೆ ಮೋಸ ಹೋಗುತ್ತೇವೆ. ಒಂದು, ಸತ್ತ ಕೋಳಿಯೂ ತಿಂದಿರುತ್ತದೆ. ಆ ಆಹಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು, ತೂಕಕ್ಕೆ ಮಾತ್ರ ಬದುಕಿದ್ದನ್ನು ಹಿಡಿಯಬೇಕು. ಎರಡು, ಚೆಲ್ಲಿದ ಆಹಾರವನ್ನೂ "ತಿಂದದ್ದು" ಎಂದೇ ಬರೆಯುತ್ತೇವೆ. ನಮ್ಮ ಒಂದು ಬ್ಯಾಚಿಗೆ ಎಂಟೂವರೆ ಟನ್‌ಗೂ ಮೇಲೆ ಆಹಾರ ಬೇಕು. ನೂರಕ್ಕೆ ಮೂರು ಪಾಲು ಭತ್ತದ ಹೊಟ್ಟಿನ ಮೇಲೆ ಚೆಲ್ಲಿದರೂ 260 ಕಿಲೋ, ಅಂದರೆ ಹತ್ತು ಸಾವಿರ ರೂಪಾಯಿ ನೆಲದ ಪಾಲು. ಫೀಡರಿನ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಇರಬೇಕು, ಕೋಳಿ ಬೆಳೆದಂತೆ ಹಗ್ಗ ಎತ್ತುತ್ತಾ ಹೋಗಬೇಕು. ನಮ್ಮ ನೆಗೆಣ್ಣಿ ಇದನ್ನು ನೋಡುವ ರೀತಿ ಬೇರೆ. ಫೀಡರ್ ಕೆಳಗೆ ಅಂಗೈ ಆಡಿಸಿ ಹೊಟ್ಟಿನ ಜೊತೆ ಕಾಳು ಸಿಕ್ಕಿತೆಂದರೆ ಅಂದೇ ಹಗ್ಗ ಬಿಗಿಯುತ್ತಾಳೆ.

ಈಗ ಪರದೆಯ ಮೇಲೆ ಕಾಣುವ ಅಂಕಿಗಳನ್ನು ನೋಡಿ. ಇದು ನಮ್ಮ ನೋಟ್‌ಬುಕ್ಕಿನಿಂದ ತೆಗೆದದ್ದು, ಒಂದು ಕೋಳಿಯ ಸರಾಸರಿ.

28ನೇ ದಿನ: ತೂಕ 1.35 ಕಿಲೋ, ಅಲ್ಲಿಯವರೆಗೆ ತಿಂದದ್ದು 1.97 ಕಿಲೋ, ಎಫ್‌ಸಿಆರ್ 1.46
35ನೇ ದಿನ: ತೂಕ 1.92, ತಿಂದದ್ದು 3.01, ಎಫ್‌ಸಿಆರ್ 1.57
38ನೇ ದಿನ: ತೂಕ 2.16, ತಿಂದದ್ದು 3.51, ಎಫ್‌ಸಿಆರ್ 1.63
42ನೇ ದಿನ: ತೂಕ 2.46, ತಿಂದದ್ದು 4.20, ಎಫ್‌ಸಿಆರ್ 1.71
45ನೇ ದಿನ: ತೂಕ 2.65, ತಿಂದದ್ದು 4.72, ಎಫ್‌ಸಿಆರ್ 1.78

ಎಫ್‌ಸಿಆರ್ ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತದೆ. ಇದು ಸಾಕುವವರ ತಪ್ಪಲ್ಲ. ದೊಡ್ಡ ದೇಹಕ್ಕೆ ಸುಮ್ಮನೆ ಬದುಕಿರಲಿಕ್ಕೇ ಹೆಚ್ಚು ಆಹಾರ ಬೇಕು. ಜೊತೆಗೆ ಕೊನೆಯ ದಿನಗಳಲ್ಲಿ ಏರುವ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚು, ಕೊಬ್ಬು ಕಟ್ಟಲು ಮಾಂಸ ಕಟ್ಟುವುದಕ್ಕಿಂತ ಹೆಚ್ಚು ಶಕ್ತಿ ಬೇಕು. ಆದ್ದರಿಂದ "ಅವರದು 1.57, ನಮ್ಮದು 1.71" ಎಂದು ಪಕ್ಕದ ಶೆಡ್ಡಿನವರ ಜೊತೆ ಹೋಲಿಸಿ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ, ಅವರು 35ಕ್ಕೆ ಮಾರಿರಬಹುದು, ನಾವು 42ಕ್ಕೆ. ಇದಕ್ಕೆಂದೇ ಕಂಪನಿಯವರು ಒಂದು ತಿದ್ದುಪಡಿ ಮಾಡುತ್ತಾರೆ. ಎಲ್ಲವನ್ನೂ ಎರಡು ಕಿಲೋ ತೂಕಕ್ಕೆ ತಂದು ನೋಡುತ್ತಾರೆ: ಎರಡರಿಂದ ಸರಾಸರಿ ತೂಕ ಕಳೆದು, ಅದನ್ನು ನಾಲ್ಕರಿಂದ ಭಾಗಿಸಿ, ಎಫ್‌ಸಿಆರ್‌ಗೆ ಕೂಡಿಸುವುದು. ಮೇಲಿನ 35ನೇ ದಿನಕ್ಕೂ 42ನೇ ದಿನಕ್ಕೂ ಹಾಗೆ ಮಾಡಿ ನೋಡಿ, ಎರಡೂ 1.59 ಬರುತ್ತದೆ. ಅಂದರೆ ಸಾಕಾಣಿಕೆ ಎರಡೂ ದಿನ ಒಂದೇ ಮಟ್ಟದಲ್ಲಿದೆ.

ಆದರೆ ಈ ಅಂಕಿ ಬ್ಯಾಚ್ ಹೇಗೆ ನಡೆಯಿತೆಂದು ಹೇಳುತ್ತದೆ, ನಾಳೆ ಮಾರಬೇಕೋ ಬೇಡವೋ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆ ಅಂಕಿ ಬೇಕು. ನಾನು ಅದನ್ನು "ಕೊನೆಯ ಕಿಲೋದ ಎಫ್‌ಸಿಆರ್" ಎನ್ನುತ್ತೇನೆ. ಪುಸ್ತಕದಲ್ಲಿ ಏನೆನ್ನುತ್ತಾರೋ ಇರಲಿ, ನಮ್ಮ ಶೆಡ್ಡಿನಲ್ಲಿ ಈ ಹೆಸರೇ ನಿಂತುಬಿಟ್ಟಿದೆ.

35ರಿಂದ 38ನೇ ದಿನದವರೆಗೆ ಕೋಳಿ ಅರ್ಧ ಕಿಲೋ ತಿಂದು 240 ಗ್ರಾಂ ಏರಿತು. ಭಾಗಿಸಿದರೆ 2.08. ಗಮನಿಸಿ, ಒಟ್ಟು ಎಫ್‌ಸಿಆರ್ ಇನ್ನೂ 1.63 ಎಂದು ಚೆನ್ನಾಗಿ ಕಾಣುತ್ತಿರುವಾಗಲೇ ಹೊಸದಾಗಿ ಏರುವ ಪ್ರತಿ ಕಿಲೋಗೆ ಎರಡು ಕಿಲೋಗೂ ಹೆಚ್ಚು ಆಹಾರ ಹೋಗುತ್ತಿದೆ. 38ರಿಂದ 42ರವರೆಗೆ 690 ಗ್ರಾಂ ತಿಂದು 300 ಗ್ರಾಂ ಏರಿತು, 2.30. 42ರಿಂದ 45ರವರೆಗೆ 520 ಗ್ರಾಂ ತಿಂದು 190 ಗ್ರಾಂ, 2.74.

ಇದನ್ನು ರೂಪಾಯಿಗೆ ತರೋಣ. ಆಗ ಆಹಾರ ಕಿಲೋಗೆ 40 ರೂಪಾಯಿ ಬೀಳುತ್ತಿತ್ತು. ಕೂಲಿ, ಕರೆಂಟು, ನೀರು ಸೇರಿ ಕೋಳಿಗೆ ದಿನಕ್ಕೆ 40 ಪೈಸೆ. ಹಾಗೆ ನೋಡಿದರೆ 35ರಿಂದ 38ರ ನಡುವೆ ಏರಿದ ಪ್ರತಿ ಕಿಲೋಗೆ ಸುಮಾರು 88 ರೂಪಾಯಿ ಬಿತ್ತು. 38ರಿಂದ 42ರ ನಡುವೆ 97 ರೂಪಾಯಿ. 42ರಿಂದ 45ರ ನಡುವೆ 116 ರೂಪಾಯಿ. ಇದಕ್ಕೆ ಸಾವಿನ ಪಾಲು ಇನ್ನೂ ಎರಡು ಮೂರು ರೂಪಾಯಿ ಸೇರುತ್ತದೆ. ಮೊದಲ ವಾರ ಒಂದು ಮರಿ ಸತ್ತರೆ ಮರಿಯ ದುಡ್ಡು ಮಾತ್ರ ಹೋಗುತ್ತದೆ, 38ನೇ ದಿನ ಒಂದು ಕೋಳಿ ಸತ್ತರೆ ಇನ್ನೂರು ರೂಪಾಯಿಯ ಸಿದ್ಧ ಸರಕು ಹೋಗುತ್ತದೆ. ದಿನಕ್ಕೆ ಮೂರು ಕೋಳಿ ಸಾಯುವುದು ದೊಡ್ಡ ಸಂಗತಿಯಲ್ಲ ಎನಿಸುತ್ತದೆ, ಆದರೆ ಅದು ದಿನಕ್ಕೆ ಆರುನೂರು ರೂಪಾಯಿ.

ನಿಯಮ ಇಷ್ಟೇ. ಮುಂದಿನ ಮೂರು ದಿನ ಏರುವ ಕಿಲೋಗೆ ಬೀಳುವ ಖರ್ಚು, ಆಗ ಸಿಗಬಹುದಾದ ದರಕ್ಕಿಂತ ಕಡಿಮೆ ಇದ್ದರೆ ಇಟ್ಟುಕೊಳ್ಳಬೇಕು, ಹೆಚ್ಚಾದರೆ ಮಾರಬೇಕು. ದರ 110 ಇದ್ದರೆ 42ನೇ ದಿನದವರೆಗೆ ಇಡಬಹುದು. ದರ 85 ಇದ್ದರೆ 35ಕ್ಕೇ ಕೊಟ್ಟುಬಿಡಬೇಕು. ದರ ಇಳಿದಾಗ ಬೇಗ ಮಾರು, ಏರಿದಾಗ ತಡವಾಗಿ ಮಾರು. ನಮ್ಮ ಮನಸ್ಸು ಸರಿಯಾಗಿ ಇದರ ಉಲ್ಟಾ ಹೇಳುತ್ತದೆ. ದರ ಚೆನ್ನಾಗಿದ್ದಾಗ ಸಿಕ್ಕಿದ್ದು ಸಾಕೆಂದು ಕೊಡುತ್ತೇವೆ, ದರ ಬಿದ್ದಾಗ ಏರಲಿ ಎಂದು ಕಾಯುತ್ತೇವೆ.

ಈಗ ನಮ್ಮ ಆ ಬ್ಯಾಚಿನ ಕಥೆ. ಇಲ್ಲಿ ಬಂದು ಇಷ್ಟು ವರ್ಷವಾದ ನಿಮಗೆಲ್ಲ ಗಟಾರಿ ಗೊತ್ತು. ಆಷಾಢ ಅಮಾವಾಸ್ಯೆಯಂದು ನಮ್ಮ ಮನೆಗಳಲ್ಲಿ ಭೀಮನ ಅಮಾವಾಸ್ಯೆಯ ಪೂಜೆ, ಅದೇ ದಿನ ಮಹಾರಾಷ್ಟ್ರದ ಅರ್ಧ ಜನಕ್ಕೆ ಶ್ರಾವಣಕ್ಕೆ ಮೊದಲಿನ ಕೊನೆಯ ಮಾಂಸದೂಟ. ಬೆಳಿಗ್ಗೆ ಪೂಜೆ ಮಾಡಿ ಮಧ್ಯಾಹ್ನ ಕೋಳಿ ದರ ಕೇಳುವವಳು ಈ ಸಭೆಯಲ್ಲಿ ಬಹುಶಃ ನಾನೊಬ್ಬಳೇ. ಆ ವಾರ ಬೇಡಿಕೆ ಏರುತ್ತದೆ, ಮರುದಿನದಿಂದ ಶ್ರಾವಣ, ಬೇಡಿಕೆ ಬೀಳುತ್ತದೆ. ಇದು ಪ್ರತಿ ವರ್ಷದ ಮಾತು, ಗುಟ್ಟೇನಲ್ಲ. ಹಾಗಾಗಿಯೇ ಎಲ್ಲ ಶೆಡ್ಡಿನವರೂ ಅದೇ ವಾರಕ್ಕೆ ಕೋಳಿ ಸಿದ್ಧವಾಗುವಂತೆ ಮರಿ ಬಿಡುತ್ತಾರೆ. ನಾವೂ ಬಿಟ್ಟೆವು.

ನಮ್ಮ ಕೋಳಿಗೆ 35 ದಿನ ತುಂಬಿದಾಗ ಅಮಾವಾಸ್ಯೆಗೆ ಎರಡು ದಿನ ಬಾಕಿ. ಶೆಡ್ ದರ 104. ಆ ದಿನದವರೆಗಿನ ಖರ್ಚು ಒಂದು ಕೋಳಿಗೆ ಹೀಗಿತ್ತು: ಸತ್ತ ಮರಿಗಳ ಪಾಲೂ ಸೇರಿ ಮರಿಗೆ 32 ರೂಪಾಯಿ, ಆಹಾರಕ್ಕೆ 120, ಲಸಿಕೆ, ಹೊಟ್ಟು, ಕೂಲಿ ಎಲ್ಲ ಸೇರಿ 18. ಒಟ್ಟು 170. ಮಾರಿದ್ದರೆ 1.92 ಕಿಲೋಗೆ 200 ರೂಪಾಯಿ ಹತ್ತಿರ ಬರುತ್ತಿತ್ತು. ಕೋಳಿಗೆ 29 ರೂಪಾಯಿ ಲಾಭ. ವ್ಯಾಪಾರಿ ಅಂದೇ ಲಾರಿ ಕಳಿಸುತ್ತೇನೆಂದ. ನೆಗೆಣ್ಣಿ, "ಅಕ್ಕಾ, ಕೊಟ್ಟುಬಿಡೋಣೇನು?" ಎಂದು ಕೇಳಿದಳು. ನಾನೇ ಬೇಡವೆಂದೆ. ದರವೂ ಏರುತ್ತಿದೆ, ತೂಕವೂ ಏರುತ್ತಿದೆ, ಎರಡು ದಿನ ಕಾದರೆ ಏನು ಹೋಗುತ್ತದೆ ಎಂದು.

ಅಮಾವಾಸ್ಯೆಯ ದಿನ ವ್ಯಾಪಾರಿಯ ಲಾರಿಗಳೆಲ್ಲ ಬೇರೆ ಕಡೆ ಇದ್ದವು. "ನಾಳೆ ನೋಡೋಣ" ಎಂದ. ಮರುದಿನ 38ನೇ ದಿನ, ಶ್ರಾವಣ ಪಾಡ್ಯ, ದರ 88. ನೂರನಾಲ್ಕು ನೋಡಿದ ಕಣ್ಣಿಗೆ ಎಂಬತ್ತೆಂಟು ಅವಮಾನದಂತೆ ಕಂಡಿತು. ನಮ್ಮ ಖರ್ಚೇ ಕಿಲೋಗೆ 88 ಮುಕ್ಕಾಲು ಬಿದ್ದಿದೆ, ಅದಕ್ಕಿಂತ ಕೆಳಗೆ ಕೊಡುವುದು ಹೇಗೆ ಎಂದು ನಿಲ್ಲಿಸಿದೆವು. 42ನೇ ದಿನ ದರ 82. ಇನ್ನೆರಡು ದಿನದಲ್ಲಿ ಏರಬಹುದು ಎಂದರು ಯಾರೋ. ಕೊನೆಗೆ 45ನೇ ದಿನ, ಆಹಾರಕ್ಕೆ ಮತ್ತೆ ದುಡ್ಡು ಹೊಂದಿಸಲಾಗದೆ, 78ಕ್ಕೆ ಕೊಟ್ಟೆವು.

ಲೆಕ್ಕ ನೋಡಿ. 2.65 ಕಿಲೋಗೆ 78ರಂತೆ 207 ರೂಪಾಯಿ ಬಂತು. ಖರ್ಚು ಅಷ್ಟು ಹೊತ್ತಿಗೆ 243. ಹತ್ತು ದಿನದ ಹಿಂದೆ ಬರುತ್ತಿದ್ದ 200ರ ಬದಲು ಏಳು ರೂಪಾಯಿ ಹೆಚ್ಚು ಬಂತು, ಆ ಏಳು ರೂಪಾಯಿಗಾಗಿ ಪ್ರತಿ ಕೋಳಿಗೆ ಎಪ್ಪತ್ತೆರಡು ರೂಪಾಯಿ ತಿನ್ನಿಸಿದ್ದೆವು. ಕೋಳಿಗೆ 36 ರೂಪಾಯಿ ನಷ್ಟ, ಶೆಡ್ಡಿಗೆ ಲಕ್ಷಕ್ಕೂ ಮೇಲೆ. ಆ ವರ್ಷ ನೆಗೆಣ್ಣಿಯ ಮಗಳ ಹಾಸ್ಟೆಲ್ ಫೀಸು ಕಟ್ಟಬೇಕಿದ್ದದ್ದು ಇದೇ ದುಡ್ಡಿನಿಂದ. ಅವಳು ಒಂದು ಮಾತೂ ಅನ್ನಲಿಲ್ಲ, ಬೆಳಿಗ್ಗೆ ಎದ್ದು ಶೆಡ್ ತೊಳೆಯಲು ಶುರು ಮಾಡಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಹಳ ದಿನ ನಾನು ಗಟಾರಿಗೆ ಕಾದದ್ದೇ ತಪ್ಪು ಎಂದುಕೊಂಡಿದ್ದೆ. ಕೂತು ಲೆಕ್ಕ ಹಾಕಿದಾಗ ಬೇರೆ ಕಂಡಿತು. 35ನೇ ದಿನ ದರ 104 ಇರುವಾಗ ಕೊನೆಯ ಕಿಲೋದ ಖರ್ಚು 90ರ ಆಸುಪಾಸು. ಕಾದದ್ದು ಲೆಕ್ಕದ ಪ್ರಕಾರ ಸರಿಯೇ ಇತ್ತು, ಲಾರಿಯನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕಿತ್ತು. ನಿಜವಾದ ತಪ್ಪು ಶ್ರಾವಣದ ಮೊದಲ ದಿನದ್ದು. ಅಂದು ದರ 88, ಮುಂದೆ ಏರುವ ಪ್ರತಿ ಕಿಲೋಗೆ 97. ಅಂದೇ ಕೊಟ್ಟಿದ್ದರೆ ಕೋಳಿಗೆ ಒಂದೂವರೆ ರೂಪಾಯಿ ನಷ್ಟದಲ್ಲಿ ಕೈ ತೊಳೆದುಕೊಳ್ಳುತ್ತಿದ್ದೆವು. 42ನೇ ದಿನ ಅದು 19 ರೂಪಾಯಿ ಆಯಿತು, 45ಕ್ಕೆ 36.

"ನಮ್ಮ ಖರ್ಚಿಗಿಂತ ಕೆಳಗೆ ಹೇಗೆ ಕೊಡುವುದು" ಎಂಬ ಆ ಮಾತೇ ನಮ್ಮನ್ನು ಮುಳುಗಿಸಿದ್ದು. ಮರಿಯ ದುಡ್ಡು, ತಿಂದು ಮುಗಿಸಿದ ಆಹಾರ ಇವು ಇಂದು ಮಾರಿದರೂ ಹೋದವೇ, ನಾಳೆ ಮಾರಿದರೂ ಹೋದವೇ. ಮಾರುವ ದಿನದ ತೀರ್ಮಾನದಲ್ಲಿ ಅವಕ್ಕೆ ಜಾಗವಿಲ್ಲ. ನಾಳೆ ತೆರೆಯುವ ಚೀಲಕ್ಕೆ ಮಾತ್ರ ಜಾಗ.

ಹಾಗಾದರೆ ದರ ಮತ್ತೆ ಏರುವುದು ಖಚಿತವಿದ್ದರೆ? ಆಗ ಕಾಯಬಹುದು, ಆದರೆ ಎಷ್ಟು ಏರಬೇಕೆಂದು ಮೊದಲೇ ಲೆಕ್ಕ ಹಾಕಬೇಕು, ಏಕೆಂದರೆ ದರ ಏರಿದರೆ ಹೊಸ ಕಿಲೋಗೆ ಮಾತ್ರವಲ್ಲ, ಕೋಳಿಯ ಪೂರ್ತಿ ತೂಕಕ್ಕೂ ಅನ್ವಯಿಸುತ್ತದೆ. 38ನೇ ದಿನ 88ರ ದರದಲ್ಲಿ 190 ರೂಪಾಯಿ ಸಿಗುತ್ತಿತ್ತು. ನಾಲ್ಕು ದಿನಕ್ಕೆ 29 ರೂಪಾಯಿ ಹೆಚ್ಚು ಖರ್ಚು. 42ನೇ ದಿನ 219 ಬಂದರೆ ಸರಿಸಮ, ಅಂದರೆ ದರ 89 ಆದರೂ ಸಾಕು. ಒಂದು ರೂಪಾಯಿ ಏರಿದರೆ ಸಾಕಲ್ಲವೇ ಎನಿಸುತ್ತದೆ. ಅದೇ ಬಲೆ. ಏರಿದರೆ ಕೊಂಚ ಲಾಭ, ಆರು ರೂಪಾಯಿ ಇಳಿದರೆ ಹದಿನೇಳು ರೂಪಾಯಿ ನಷ್ಟ. ಶ್ರಾವಣದ ಮೊದಲ ವಾರ ದರ ಯಾವ ಕಡೆ ಹೋಗುತ್ತದೆಂದು ಅಂಗಡಿಯ ಹುಡುಗನೂ ಹೇಳುತ್ತಾನೆ, ನಾವು ಮಾತ್ರ ಕೇಳಲಿಲ್ಲ.

ಒಬ್ಬರು ಕೈ ಎತ್ತಿದ್ದಾರೆ. ಹೌದು, ದರ 104ರಲ್ಲೇ ನಿಂತಿದ್ದರೆ ಏನು ಎಂಬ ಪ್ರಶ್ನೆ. ಒಳ್ಳೆಯದು. ಆಗ 38ನೇ ದಿನ ಕೋಳಿಗೆ 33 ರೂಪಾಯಿ ಲಾಭ, 42ನೇ ದಿನ 35. ನಿಯಮದ ಪ್ರಕಾರ 42 ಮೇಲು. ಆದರೆ ಒಂದು ಬ್ಯಾಚ್ ಖಾಲಿಯಾದ ಮೇಲೆ ಗೊಬ್ಬರ ತೆಗೆದು, ತೊಳೆದು, ಸುಣ್ಣ ಹೊಡೆದು, ಒಣಗಲು ಬಿಟ್ಟು ಮುಂದಿನ ಮರಿ ಬಿಡಲು ನಮಗೆ ಹದಿನೈದು ದಿನ ಬೇಕು. ಅದನ್ನೂ ಸೇರಿಸಿ ದಿನದ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ 62 ಪೈಸೆಗೆ ನಿಲ್ಲುತ್ತವೆ. ಎರಡು ರೂಪಾಯಿಗಾಗಿ ನಾಲ್ಕು ದಿನದ ಸಾವಿನ ಭಯ ಹೊರುವುದಕ್ಕಿಂತ ನಾನು 38ಕ್ಕೆ ಕೊಡುತ್ತೇನೆ. ಮುಂದಿನ ಮರಿ ಸಿದ್ಧವಿಲ್ಲದಿದ್ದರೆ, ಶೆಡ್ ಹೇಗೂ ಖಾಲಿ ಇರುವುದಾದರೆ, 42.

ಈ ಅಂಕಿಗಳನ್ನು ನಂಬಬೇಕಾದರೆ ತೂಕ ಸರಿಯಾಗಿ ಹಿಡಿಯಬೇಕು. ಮೊದಲು ನಾವು ಬಾಗಿಲ ಬಳಿಯ ಹತ್ತು ಕೋಳಿ ಹಿಡಿದು ತೂಗುತ್ತಿದ್ದೆವು. ಕೈಗೆ ಸುಲಭವಾಗಿ ಸಿಗುವುದು ದಪ್ಪಗಿನ, ಓಡಲಾರದ ಹುಂಜಗಳೇ, ಹಾಗಾಗಿ ಸರಾಸರಿ ಯಾವಾಗಲೂ ಹೆಚ್ಚು ತೋರಿಸುತ್ತಿತ್ತು. ಈಗ ಬೆಳಿಗ್ಗೆ ಆಹಾರ ಹಾಕುವ ಮೊದಲು, ಶೆಡ್ಡಿನ ನಾಲ್ಕು ಕಡೆ ಜಾಲರಿ ಅಡ್ಡ ಇಟ್ಟು, ಒಳಗೆ ಸಿಕ್ಕಿದ್ದಷ್ಟನ್ನೂ ತೂಗುತ್ತೇವೆ, ಒಂದನ್ನೂ ಬಿಡುವುದಿಲ್ಲ. ಒಟ್ಟು ಎಂಬತ್ತು ತೊಂಬತ್ತು ಕೋಳಿ. 35ನೇ ದಿನ ಒಮ್ಮೆ, 38ನೇ ದಿನ ಒಮ್ಮೆ, ಅದೇ ಗಂಟೆಗೆ. ನಡುವೆ ಎಷ್ಟು ಚೀಲ ಹೋಯಿತೆಂದು ಎಣಿಸುತ್ತೇವೆ. 2,860 ಕೋಳಿ ಮೂರು ದಿನದಲ್ಲಿ 28 ಚೀಲದ ಮೇಲೆ 30 ಕಿಲೋ, ಅಂದರೆ 1,430 ಕಿಲೋ ತಿಂದವು, ಕೋಳಿಗೆ 240 ಗ್ರಾಂನಂತೆ 686 ಕಿಲೋ ಏರಿತು. ಭಾಗಿಸಿದರೆ 2.08. ಇದಕ್ಕೆ ಯಾವ ಆ್ಯಪೂ ಬೇಡ.

ಬೇಸಿಗೆಯಲ್ಲಿ ಈ ಅಂಕಿಗಳೆಲ್ಲ ಬದಲಾಗುತ್ತವೆ. ಒಂದು ಮೇ ತಿಂಗಳ ಬ್ಯಾಚಿನಲ್ಲಿ ಅದೇ 35ರಿಂದ 38ರ ನಡುವೆ 440 ಗ್ರಾಂ ತಿಂದು 170 ಗ್ರಾಂ ಮಾತ್ರ ಏರಿತು, 2.59. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಬಿಸಿ ಹೊರಹಾಕಬೇಕು. ತಿಂದ ಶಕ್ತಿ ಅದಕ್ಕೇ ಹೋಗುತ್ತದೆ. ಭಾರದ ಕೋಳಿಗೆ ಕಷ್ಟ ಹೆಚ್ಚು, ಮಧ್ಯಾಹ್ನ ಎರಡರಿಂದ ಐದರ ನಡುವೆ ಸಾಯುವುದೂ ಅವೇ. ನಾವು ಬೆಳಿಗ್ಗೆ ಹತ್ತಕ್ಕೆ ಫೀಡರ್ ಎತ್ತಿ ಸಂಜೆ ಬಿಸಿಲು ತಗ್ಗಿದ ಮೇಲೆ ಇಳಿಸುತ್ತೇವೆ, ತಗಡಿಗೆ ನೀರು ಬಿಡುತ್ತೇವೆ, ಆದರೂ ಏಪ್ರಿಲ್, ಮೇನಲ್ಲಿ ಎರಡು ಕಿಲೋ ದಾಟಿಸುವ ಆಸೆ ಇಟ್ಟುಕೊಳ್ಳುವುದಿಲ್ಲ. ಆಗ 35ನೇ ದಿನ ದೊಡ್ಡ ಹುಂಜಗಳನ್ನು ಮೊದಲು ಕೊಟ್ಟು ಜಾಗ ಮಾಡುತ್ತೇವೆ, ಉಳಿದವು ಸಡಿಲವಾಗಿ ಬೆಳೆಯುತ್ತವೆ. ಚದರಡಿಗೆ ಒಂದು ಕೋಳಿ ಎರಡು ಕಿಲೋವರೆಗೆ ಸರಿ, ಅದರ ಮೇಲೆ ಇಕ್ಕಟ್ಟು.

ಇನ್ನೊಂದು ಅಡ್ಡಿ, ಇದರಲ್ಲಿ ಲೆಕ್ಕಕ್ಕಿಂತ ಮರ್ಯಾದೆ ಮುಖ್ಯ. ಕೋಳಿಗೆ ರೋಗ ಬಂದು ಪ್ರತಿಜೈವಿಕ ಔಷಧಿ ಕೊಟ್ಟಿದ್ದರೆ, ಬಾಟಲಿ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಮಾರಬಾರದು. ದರ ಎಷ್ಟೇ ಬೀಳಲಿ. ಅದಕ್ಕೇ 30ನೇ ದಿನದ ನಂತರ ಔಷಧಿ ಬೇಕಾದರೆ ಡಾಕ್ಟರ್ ಜೊತೆ ಮೊದಲು ಮಾರುವ ದಿನದ ಮಾತಾಡುತ್ತೇವೆ. ನೀವೆಲ್ಲ ಕೇಳುವ ಇಂಜೆಕ್ಷನ್ ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ: ಬೆಳೆಸಲು ನಾವು ಯಾವ ಹಾರ್ಮೋನೂ ಚುಚ್ಚುವುದಿಲ್ಲ. ಮೂರು ಸಾವಿರ ಕೋಳಿಯನ್ನು ಒಂದೊಂದಾಗಿ ಹಿಡಿದು ಚುಚ್ಚುವುದನ್ನು ಊಹಿಸಿ ನೋಡಿ. ಈ ತಳಿಗಳನ್ನು ದಶಕಗಳಿಂದ ಆಯ್ಕೆ ಮಾಡುತ್ತಾ ಬಂದದ್ದೇ ಬೇಗ ಬೆಳೆಯಲೆಂದು.

ವ್ಯಾಪಾರಿಯ ತಕ್ಕಡಿಯ ಬಗ್ಗೆ ಒಂದು ಮಾತು. ಲಾರಿ ಬರುವ ಕೆಲವು ಗಂಟೆ ಮೊದಲು ಆಹಾರ ನಿಲ್ಲಿಸಲು ಹೇಳುತ್ತಾರೆ, ಅದು ನ್ಯಾಯವೇ, ತುಂಬಿದ ಹೊಟ್ಟೆಯ ಕೋಳಿ ದಾರಿಯಲ್ಲಿ ಸಾಯುತ್ತದೆ. ಆದರೆ ರಾತ್ರಿ ಹತ್ತಕ್ಕೆ ಬರುತ್ತೇನೆಂದ ಲಾರಿ ಬೆಳಗಿನ ಜಾವ ಬಂದರೆ ಪ್ರತಿ ಕೋಳಿಯೂ ಹಸಿವಿನಲ್ಲಿ ತೂಕ ಕಳೆದುಕೊಂಡಿರುತ್ತದೆ, ಆ ನಷ್ಟ ನಮ್ಮದು. ಈಗ ಲಾರಿ ಟೋಲ್ ದಾಟಿದೆ ಎಂದು ಡ್ರೈವರ್ ಫೋನ್ ಮಾಡಿದ ಮೇಲೆಯೇ ನೆಗೆಣ್ಣಿ ಫೀಡರ್ ಎತ್ತುತ್ತಾಳೆ.

ಈಗಿನ ಬ್ಯಾಚಿಗೆ ಇಂದು 33ನೇ ದಿನ. ಬೆಳಿಗ್ಗೆ ದರ 96 ಎಂದು ಮೆಸೇಜ್ ಬಂದಿದೆ, ಆಹಾರ ಈಗ ಕಿಲೋಗೆ 42. ಹಾಗಿದ್ದರೆ 35ರಿಂದ 38ರ ನಡುವಿನ ಕಿಲೋಗೆ ಸಾವಿನ ಪಾಲೂ ಸೇರಿ ತೊಂಬತ್ತೈದರ ಹತ್ತಿರ ಬೀಳುತ್ತದೆ. ಮೂರು ದಿನ ಕಾದು ಗಳಿಸುವುದು ಏನೂ ಇಲ್ಲ. ನಾಡಿದ್ದಿಗೆ ಲಾರಿ ಹೇಳಿಯಾಗಿದೆ.